ಗೋಡೆಯ ನೆರಳಿನಲ್ಲಿ ತುರುಬು ಹಾಗೇ ಇತ್ತು

ಕಳೆದ ತಿಂಗಳು ನಮ್ಮ ಹೋಬಳಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫೋಟೊ ಓಡಾಡಿತು. ಸೀರೆ ಉಟ್ಟ ಹುಡುಗಿ, ಕಿವಿಯಲ್ಲಿ ಜುಮುಕಿ, ತಲೆ ಪೂರ್ತಿ ಬೋಳು. ಕೆಳಗೆ ನಾಲ್ಕು ಸಾಲು: ಕ್ಯಾನ್ಸರ್ ಆಗಿದೆ, ಔಷಧಿಗೆ ಕೂದಲೆಲ್ಲ ಹೋಗಿದೆ, ಬಡವರ ಮನೆ ಮಗಳು, ಕೈಲಾದಷ್ಟು ಹಾಕಿ. ಒಂದು ಫೋನ್‌ಪೇ ನಂಬರು. ನಮ್ಮವರ ಕೈ ದೊಡ್ಡದು. ಐವತ್ತು, ನೂರು ಅಂತ ಹಾಕಿದರು. ಹಾಲಿನ ಡೇರಿಯ ಗುಂಪಿನಲ್ಲಿ ಒಬ್ಬರು ಐನೂರು ಹಾಕಿ ಸ್ಕ್ರೀನ್‌ಶಾಟ್ ಕೂಡ ಹಂಚಿದರು.

ಆ ಹುಡುಗಿಗೆ ಯಾವ ಕಾಯಿಲೆಯೂ ಇಲ್ಲ. ಮೊಣಕಾಲಿನವರೆಗೆ ಅಲ್ಲದಿದ್ದರೂ ಸೊಂಟದವರೆಗಂತೂ ಕೂದಲಿದೆ. ಚಿಕ್ಕಪ್ಪನ ಮನೆಯ ಗೃಹಪ್ರವೇಶದಲ್ಲಿ ತೆಗೆದ ಫೋಟೊವನ್ನು ಯಾರೋ ಎತ್ತಿಕೊಂಡು ಕೂದಲು ಅಳಿಸಿದ್ದಾರೆ. ಅವಳಿಗೆ ಗಂಡು ಗೊತ್ತಾಗಿತ್ತು. ಫೋಟೊ ಗಂಡಿನ ಊರಿನ ಗುಂಪನ್ನೂ ತಲುಪಿತು. ಗಂಡಿನ ಕಡೆಯ ಇಬ್ಬರು ಹೆಂಗಸರು ಮನೆಗೆ ಬಂದು ಕಾಫಿ ಕುಡಿದು, ಹೊರಡುವ ಮುಂಚೆ ಅವಳ ಜಡೆ ಹಿಡಿದು ಮೆಲ್ಲಗೆ ಎಳೆದು ನೋಡಿದರಂತೆ. ಸವರಿ ಅಂತ ಅನುಮಾನ. ಅವಳ ತಾಯಿ ಇದನ್ನು ನಮಗೆ ಹೇಳುವಾಗ ಅಳಲಿಲ್ಲ. ಸಿಟ್ಟಿನಲ್ಲಿ ಕೈ ನಡುಗುತ್ತಿತ್ತು.

ನಾವು ಈ ಬಗ್ಗೆ ಬರೆಯುತ್ತೇವೆ, ಬೋಳು ತಲೆಯ ಸುಳ್ಳು ಫೋಟೊ ಹೇಗೆ ಮಾಡುತ್ತಾರೆ ಅಂತ ಹಂತ ಹಂತವಾಗಿ ತೋರಿಸುತ್ತೇವೆ ಅಂದಾಗ ನಮಗೆ ಪಾಠ ಹೇಳಿದ ಹಿರಿಯರೊಬ್ಬರು ಬೇಡ ಅಂದರು. ಕಳ್ಳರಿಗೆ ಕಲಿಸಿದ ಹಾಗಾಗುತ್ತೆ, "ನಂಬಬೇಡಿ" ಅಂತ ಬರೆದು ಬಿಡಿ, ಸಾಕು ಅಂದರು. ಅವರ ಮೇಲೆ ನಮಗೆ ಗೌರವ ಇದೆ, ಈ ಮಾತಿನ ಮೇಲೆ ಇಲ್ಲ. ಕಳ್ಳರಿಗೆ ಇದು ಆಗಲೇ ಬರುತ್ತೆ. ಬಾರದೆ ಇರುವುದು ಐನೂರು ಹಾಕಿದವರಿಗೆ, ಜಡೆ ಎಳೆದವರಿಗೆ. ಬರೀ "ನಂಬಬೇಡಿ" ಅಂದರೆ ಏನಾಗುತ್ತೆ ಅಂತಲೂ ನೋಡಿದ್ದೇವೆ. ನಾಳೆ ನಿಜವಾಗಿ ಕಾಯಿಲೆ ಬಿದ್ದವಳು ತನ್ನ ಬೋಳು ತಲೆಯ ಫೋಟೊ ಹಾಕಿದರೆ ಅವಳನ್ನೂ ನಂಬುವುದಿಲ್ಲ. ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಅಂತ ಕಣ್ಣಿಗೆ ಗೊತ್ತಾಗಬೇಕಾದರೆ ಆ ಕೆಲಸ ಹೇಗೆ ನಡೆಯುತ್ತೆ ಅಂತ ತಿಳಿದಿರಬೇಕು. ಕಲಬೆರಕೆ ಹಾಲು ಹಿಡಿಯುವವನಿಗೆ ನೀರು ಹೇಗೆ ಬೆರೆಸುತ್ತಾರೆ ಅಂತ ಗೊತ್ತಿರಲೇಬೇಕಲ್ಲ.

ಹಾಗಾಗಿ ಹುಡುಗಿಯ ಮನೆಯವರ ಒಪ್ಪಿಗೆ ಪಡೆದು, ಅದೇ ಗೃಹಪ್ರವೇಶದ ಮೂಲ ಫೋಟೊ ತೆಗೆದುಕೊಂಡು, ನಮಗೆ ಗೊತ್ತಿರುವ ಸ್ಟುಡಿಯೊ ಅಣ್ಣನ ಪಕ್ಕ ಕೂತೆವು. ಅವರು ಇಂಥ ಕೆಲಸವನ್ನು ನ್ಯಾಯವಾಗಿ ಮಾಡಿದವರು. ಹಬ್ಬಕ್ಕೆ ಆಡುವ ನಾಟಕದ ಪೋಸ್ಟರಿಗೆ, ಗುಂಗುರು ಕೂದಲಿನ ಹುಡುಗನನ್ನು ಬೋಳು ತಲೆಯ ಸನ್ಯಾಸಿ ಮಾಡಿಕೊಟ್ಟಿದ್ದಾರೆ. ಎಲ್ಲರಿಗೂ ಅದು ವೇಷ ಅಂತ ಗೊತ್ತು, ಅದರಲ್ಲಿ ಮೋಸ ಇಲ್ಲ. ನಮ್ಮ ಫೋಟೊವನ್ನು ಅವರು ಒಂದು ಮಧ್ಯಾಹ್ನ ಮಾಡಿ ತೋರಿಸಿದರು. ಮೂರು ಗಂಟೆಗೂ ಹೆಚ್ಚು ಹಿಡಿಯಿತು. ಕೆಲಸ ಮುಗಿದ ಮೇಲೆ ಆ ಫೈಲನ್ನು ನಮ್ಮ ಎದುರೇ ಅಳಿಸಿದರು.

ಅವರು ಮೊದಲು ಹೇಳಿದ ಮಾತು ಇದು: "ಕೂದಲು ಅಳಿಸೋದಲ್ಲ ಕಣ್ರೀ ಕಷ್ಟ. ಕೂದಲ ಕೆಳಗಿರೋ ತಲೆ ಫೋಟೊದಲ್ಲಿ ಇಲ್ಲವೇ ಇಲ್ಲ. ಅದನ್ನ ನಾವೇ ಕಟ್ಟಬೇಕು."

ಇಡೀ ವಿಷಯದ ಬುಡ ಇಲ್ಲಿದೆ. ಕ್ಯಾಮೆರಾ ಕಂಡದ್ದು ಕೂದಲನ್ನು. ಬುರುಡೆಯ ಆಕಾರ, ಅಲ್ಲಿನ ಚರ್ಮದ ಬಣ್ಣ, ಅದರ ಮೇಲೆ ಬೀಳಬೇಕಿದ್ದ ಬೆಳಕು ಇವು ಮೂರೂ ಫೋಟೊದಲ್ಲಿ ಎಲ್ಲೂ ದಾಖಲಾಗಿಲ್ಲ. ಮಾಡುವವನು ಊಹಿಸಿ ಬರೆಯಬೇಕು. ಊಹೆ ಇರುವ ಕಡೆಯಲ್ಲೆಲ್ಲ ತಪ್ಪಿಗೆ ಜಾಗ ಇರುತ್ತೆ.

ಮೊದಲನೆಯದು ಆಕಾರ. ಕೂದಲು ತಲೆಗೆ ಅಂಟಿಕೊಂಡಿರುವುದಿಲ್ಲ, ಬುರುಡೆಯಿಂದ ಮೇಲೆ ಎದ್ದಿರುತ್ತೆ. ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದರೆ ಸ್ವಲ್ಪ, ತಲೆ ಸ್ನಾನ ಮಾಡಿ ಒಣಗಿಸಿ ಕಟ್ಟಿದರೆ ಎರಡು ಬೆರಳಿನಷ್ಟು. ಅವಸರದಲ್ಲಿ ಮಾಡುವವರು ಕೂದಲಿನ ಹೊರಗೆರೆಯನ್ನೇ ಬುರುಡೆಯ ಗೆರೆ ಅಂದುಕೊಂಡು ಅದರ ಒಳಗೆ ಚರ್ಮದ ಬಣ್ಣ ತುಂಬುತ್ತಾರೆ. ಆಗ ತಲೆ ಕುಂಬಳಕಾಯಿ ಆಗುತ್ತೆ. ಅಣ್ಣ ಹಾಗೆ ಮಾಡಲಿಲ್ಲ. ಗಲ್ಲದ ತುದಿಯಿಂದ ಕಣ್ಣಿನ ನಡುವಿನವರೆಗೆ ಅಳೆದರು, ಅಷ್ಟೇ ಅಳತೆಯನ್ನು ಕಣ್ಣಿನಿಂದ ಮೇಲಕ್ಕೆ ಇಟ್ಟು ಅಲ್ಲಿ ಒಂದು ಚುಕ್ಕೆ ಹಾಕಿದರು. ದೊಡ್ಡವರ ತಲೆಯಲ್ಲಿ ಕಣ್ಣು ಹೆಚ್ಚುಕಡಿಮೆ ಸರಿ ಅರ್ಧಕ್ಕೆ ಬರುತ್ತೆ. ನಮಗೆಲ್ಲ ಕಣ್ಣು ಮೇಲೆಯೇ ಇದೆ ಅನ್ನಿಸುತ್ತೆ, ಅಳೆದು ನೋಡಿದರೆ ಅಲ್ಲ. ಆ ಚುಕ್ಕೆಗೆ ತಾಗುವಂತೆ ಪೆನ್ ಟೂಲ್‌ನಲ್ಲಿ ಹಣೆಯಿಂದ ನೆತ್ತಿ, ನೆತ್ತಿಯಿಂದ ಹಿಂದಲೆ, ಅಲ್ಲಿಂದ ಕತ್ತಿನವರೆಗೆ ಗೆರೆ ಎಳೆದರು. ಗೆರೆ ಚೆಂಡಿನಂತೆ ಗುಂಡಗಿರಲಿಲ್ಲ. ಕಣತಲೆಯ ಹತ್ತಿರ ಸ್ವಲ್ಪ ಒಳಕ್ಕೆ, ಕಿವಿಯ ಮೇಲ್ಭಾಗದಲ್ಲಿ ಹೊರಕ್ಕೆ, ಹಿಂದೆ ಒಂದು ಉಬ್ಬು. ಮುಡಿ ಕೊಟ್ಟು ಬಂದವರ ತಲೆಯನ್ನು ಪಕ್ಕದಿಂದ ನೋಡಿ, ನಿಮಗೇ ಕಾಣುತ್ತೆ. ತಲೆ ಯಾರದೂ ಉರುಟಲ್ಲ.

ಇನ್ನು ಓಡಾಡಿದ ಆ ಫೋಟೊ. ಅದರ ಪ್ರಿಂಟ್ ತೆಗೆದು ಅಳತೆಪಟ್ಟಿ ಇಟ್ಟೆವು. ಗಲ್ಲದಿಂದ ಕಣ್ಣಿಗೆ 6 ಸೆಂಟಿಮೀಟರ್. ಕಣ್ಣಿನಿಂದ ನೆತ್ತಿಗೆ 8. ಕಣ್ಣಿಗೆ ಹೊಡೆಯುವಷ್ಟು ತಪ್ಪು, ಆದರೂ ಸಾವಿರ ಜನ ನೋಡಿ ಯಾರೂ ಹೇಳಲಿಲ್ಲ, ಯಾಕೆಂದರೆ ಎಲ್ಲರೂ ಮುಖ ನೋಡಿ ಮರುಗುತ್ತಿದ್ದರು. ನೀವು ಫೋನಿನ ಪರದೆಯ ಮೇಲೆಯೇ ಕಾಗದದ ಚೂರು ಇಟ್ಟು ಇದನ್ನು ಅಳೆಯಬಹುದು. ಆದರೆ ಒಂದು ಎಚ್ಚರಿಕೆ. ತಲೆ ಬಗ್ಗಿಸಿದ್ದರೆ ಅಥವಾ ಮೇಲಿನಿಂದ ಫೋಟೊ ತೆಗೆದಿದ್ದರೆ ನಿಜವಾದ ತಲೆಯೇ ಉದ್ದ ಕಾಣುತ್ತೆ. ಚಿಕ್ಕ ಮಕ್ಕಳಲ್ಲಿ ಹಣೆ ದೊಡ್ಡದು, ಕಣ್ಣು ಅರ್ಧಕ್ಕಿಂತ ಕೆಳಗೇ ಇರುತ್ತೆ. ಅವರಿಗೆ ಈ ಅಳತೆ ಹಾಕಬೇಡಿ. ನೆಟ್ಟಗೆ ನಿಂತು ಎದುರಿಗೆ ನೋಡುತ್ತಿರುವ ದೊಡ್ಡವರಿಗೆ ಮಾತ್ರ.

ಬುರುಡೆ ಚಿಕ್ಕದಾದರೆ ಅದರ ಹೊರಗೆ ಉಳಿದ ಕೂದಲಿನ ಜಾಗಕ್ಕೆ ಏನಾದರೂ ತುಂಬಬೇಕಲ್ಲ. ಈ ಫೋಟೊದಲ್ಲಿ ಹಿಂದೆ ತಿಳಿಹಸಿರು ಬಣ್ಣ ಬಳಿದ ಗೋಡೆ ಇತ್ತು. ಅಣ್ಣ ಕ್ಲೋನ್ ಸ್ಟ್ಯಾಂಪ್ ಅನ್ನುವ ಸಲಕರಣೆಯಿಂದ ಪಕ್ಕದ ಗೋಡೆಯನ್ನು ತಂದು ತಂದು ಅಲ್ಲಿಗೆ ಅಂಟಿಸಿದರು. ಹೀಲಿಂಗ್ ಬ್ರಷ್ ಬೇಗ ಆಗುತ್ತೆ ಅಂತ ನಮ್ಮಲ್ಲೊಬ್ಬರು ಅಂದಾಗ ಅದನ್ನೂ ಒಮ್ಮೆ ಎಳೆದು ತೋರಿಸಿದರು. ಗೋಡೆ ಮೇಲೆ ಮಸಿ ಒರೆಸಿದಂಥ ಕಲೆ ಬಂತು. ಆ ಬ್ರಷ್ ಸುತ್ತಲಿನ ಬಣ್ಣದ ಜೊತೆ ತಾನೇ ಬೆರೆತುಕೊಳ್ಳುತ್ತೆ, ಪಕ್ಕದಲ್ಲಿ ಇನ್ನೂ ಕಪ್ಪು ಕೂದಲು ಉಳಿದಿದ್ದರೆ ಆ ಕಪ್ಪನ್ನೂ ಎಳೆದುಕೊಂಡು ಬರುತ್ತೆ. ಓಡಾಡಿದ ಫೋಟೊದಲ್ಲಿ ತಲೆಯ ಸುತ್ತ ಮಂಕಾದ ಹೊಗೆಯಂಥ ಅಂಚು ಇದ್ದದ್ದು ಇಂಥದ್ದರಿಂದಲೇ ಅನ್ನಿಸುತ್ತೆ. ತಲೆಯ ಸುತ್ತ ಹೊಗೆ ಕಂಡರೆ ನಿಲ್ಲಿ.

ಎರಡನೆಯದು ಚರ್ಮದ ಬಣ್ಣ. ಹಣೆಯ ಬಣ್ಣವನ್ನೇ ಎತ್ತಿ ತಲೆಗೆಲ್ಲ ಬಳಿದರೆ ಪ್ಲಾಸ್ಟಿಕ್ ಬೊಂಬೆ. ವರ್ಷಗಟ್ಟಲೆ ಕೂದಲ ಕೆಳಗಿದ್ದ ಚರ್ಮ ಬಿಸಿಲು ಕಂಡಿರುವುದಿಲ್ಲ. ಹೊಲದಲ್ಲಿ ದುಡಿಯುವವರ ಹಣೆ ಒಂದು ಬಣ್ಣ, ಮುಡಿ ತೆಗೆಸಿದ ದಿನ ನೆತ್ತಿ ಇನ್ನೊಂದು ಬಣ್ಣ. ಯಾರಾದರೂ ತಿರುಪತಿಯಿಂದ ಬಂದಾಗ ಗಮನಿಸಿ, ಹಣೆಯ ಮೇಲೆ ಗೆರೆ ಎಳೆದ ಹಾಗೆ ಎರಡು ಬಣ್ಣ ಬೇರೆ ನಿಲ್ಲುತ್ತೆ. ಕತ್ತರಿಸಿದ ಕೂದಲಿನ ಬುಡ ಚರ್ಮದೊಳಗೆ ಇರುವುದರಿಂದ ಆ ಬಿಳಿಚಿದ ಚರ್ಮದ ಮೇಲೆ ನೀಲಿ-ಬೂದು ಛಾಯೆ ಬೇರೆ. ಒಂದೆರಡು ದಿನ ಕಳೆದರೆ ಅದು ಕಪ್ಪಾಗುತ್ತೆ.

ಅಣ್ಣ ಇದನ್ನು ಮೂರು ಪದರಗಳಲ್ಲಿ ಮಾಡಿದರು. ತಳದಲ್ಲಿ ಹಣೆಗಿಂತ ಒಂದು ಪಟ್ಟು ತಿಳಿಯಾದ ಚರ್ಮದ ಬಣ್ಣ. ಅದರ ಮೇಲೆ ಹಣೆಯಿಂದಲೇ ಎತ್ತಿಟ್ಟ ಚರ್ಮದ ಸಣ್ಣ ರಂಧ್ರಗಳು, ಇದಿಲ್ಲದಿದ್ದರೆ ತಲೆ ಮೇಣದಂತೆ ನುಣುಪಾಗುತ್ತೆ. ಅದರ ಮೇಲೆ ಮಲ್ಟಿಪ್ಲೈ ಅನ್ನುವ ಬಗೆಯ ಪದರದಲ್ಲಿ ತೆಳುವಾದ ನೀಲಿ-ಬೂದು, ಅದರೊಳಗೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು. ಈ ಪದರ ಕೂದಲು ಹುಟ್ಟುವ ಜಾಗದಲ್ಲಿ ಮಾತ್ರ ಇರಬೇಕು, ಹಣೆಯ ಮೇಲೆ ಬರಬಾರದು. ಅಂಚು ಅಳತೆಪಟ್ಟಿ ಇಟ್ಟು ಎಳೆದಂತೆಯೂ ಇರಬಾರದು. ಕಣತಲೆಯಲ್ಲಿ, ಕಿವಿಯ ಮುಂದೆ, ಕತ್ತಿನ ಮೇಲೆ ಅದು ಚದುರಿ ಚದುರಿ ತೆಳುವಾಗುತ್ತೆ. ಈ ಒಂದು ಅಂಚಿಗೇ ಅವರಿಗೆ ಮುಕ್ಕಾಲು ಗಂಟೆ ಹೋಯಿತು.

ಇಲ್ಲಿ ಕಾಯಿಲೆಯ ಮಾತು ಬರಬೇಕು. ಕಿಮೊಥೆರಪಿಯಲ್ಲಿ ಕೂದಲು ಉದುರಿದಾಗ ಎಷ್ಟೋ ಜನರಿಗೆ ಹುಬ್ಬು, ರೆಪ್ಪೆಯ ಕೂದಲೂ ತೆಳುವಾಗುತ್ತೆ ಅಥವಾ ಹೋಗುತ್ತೆ. ಓಡಾಡಿದ ಫೋಟೊದಲ್ಲಿ ಹುಬ್ಬು ದಟ್ಟವಾಗಿ ತಿದ್ದಿದಂತಿತ್ತು. ಇದನ್ನು ಕಂಡು ನಾವು ಹಿಗ್ಗಿದೆವು, ಆಮೇಲೆ ನಾವೇ ಕೈಬಿಟ್ಟೆವು. ಎಲ್ಲ ಔಷಧಿಗೂ ಹುಬ್ಬು ಹೋಗುವುದಿಲ್ಲ, ಎಲ್ಲರಿಗೂ ಒಂದೇ ಸಲ ಹೋಗುವುದಿಲ್ಲ. ಕೂದಲು ಉದುರಲು ಶುರುವಾದಾಗ ಬೇಜಾರಾಗಿ ತಾವೇ ಬೋಳಿಸಿಕೊಳ್ಳುವವರೂ ಇದ್ದಾರೆ, ಆಗ ನೀಲಿ ಛಾಯೆಯೂ ಇರುತ್ತೆ. ಹುಬ್ಬು ಇದೆ ಅಂತ ಒಬ್ಬ ರೋಗಿಯನ್ನು ಸುಳ್ಳುಗಾರ್ತಿ ಅನ್ನಬೇಡಿ. ದಯವಿಟ್ಟು ಇದನ್ನು ಮರೆಯಬೇಡಿ.

ಮೂರನೆಯದು ಬೆಳಕು ಮತ್ತು ನೆರಳು. ಕಳ್ಳ ಸಿಕ್ಕಿಬಿದ್ದದ್ದು ಇಲ್ಲೇ.

ಕೂದಲು ಬೆಳಕನ್ನು ನುಂಗುತ್ತೆ. ಬೋಳು ತಲೆ ಅದನ್ನು ವಾಪಸ್ ಎಸೆಯುತ್ತೆ. ಗೃಹಪ್ರವೇಶದ ಫೋಟೊದಲ್ಲಿ ವಿಡಿಯೊದವರ ದೀಪ ನಮ್ಮ ಎಡಗಡೆಯಿಂದ ಬೀಳುತ್ತಿತ್ತು. ಹುಡುಗಿಯ ಎಡಗೆನ್ನೆ, ಬಲಗೆನ್ನೆ ಅಂತ ಗೊಂದಲ ಬೇಡ, ಫೋಟೊ ನೋಡುವ ನಮ್ಮ ಎಡಕ್ಕೆ ಇರುವ ಕೆನ್ನೆ ಬೆಳ್ಳಗೆ, ಬಲಕ್ಕೆ ಇರುವುದು ಕಪ್ಪಗೆ. ಮೂಗಿನ ನೆರಳು ಬಲಕ್ಕೆ. ಅಂದಮೇಲೆ ನೆತ್ತಿಯ ಹೊಳಪೂ ಎಡಕ್ಕೇ ಇರಬೇಕು, ಬಲಕ್ಕೆ ಹೋದಂತೆ ತಲೆ ಮಬ್ಬಾಗಬೇಕು. ಅಣ್ಣ ಮೆತ್ತನೆಯ ಬ್ರಷ್‌ನಲ್ಲಿ ಹಾಗೇ ಮಾಡಿದರು. ಹಣೆಯಲ್ಲಿ ಆಗಲೇ ಇದ್ದ ಹೊಳಪು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಅದನ್ನು ಮೇಲಕ್ಕೆ ಮುಂದುವರಿಸಿದರು. ಓಡಾಡಿದ ಫೋಟೊದಲ್ಲಿ ಹಣೆಯ ಹೊಳಪು ಎಡಕ್ಕಿದೆ, ನೆತ್ತಿಯ ಹೊಳಪು ಬಲಕ್ಕೆ. ಒಂದೇ ತಲೆಗೆ ಎರಡು ಸೂರ್ಯ. ಬೇರೆ ಯಾರದೋ ಬೋಳು ತಲೆಯನ್ನು ತಂದು ಕೂರಿಸಿರಬೇಕು ಅಂತ ಅಣ್ಣನ ಅಂದಾಜು. ಎರಡು ದೀಪಗಳಿದ್ದ ಕಡೆ ಎರಡು ಹೊಳಪು ಬರಬಹುದು, ಸರಿ. ಆದರೆ ಆಗ ಮೂಗಿಗೂ ಎರಡು ನೆರಳು ಇರಬೇಕಲ್ಲ? ಇರಲಿಲ್ಲ.

ಆಮೇಲೆ ಕಿವಿ. ಬಿಗಿಯಾಗಿ ಬಾಚಿದರೂ ಹೆಂಗಸರ ಕಿವಿಯ ಮೇಲ್ತುದಿ ಕೂದಲಿನಲ್ಲಿ ಮುಚ್ಚಿರುತ್ತೆ. ಅದನ್ನೂ ಬರೆಯಬೇಕು, ಬರೆದು ಕಿವಿಯ ಹಿಂದೆ ಒಂದು ಸಣ್ಣ ಕಪ್ಪು ನೆರಳನ್ನು ತಲೆಯ ಮೇಲೆ ಬೀಳಿಸಬೇಕು. ಇಲ್ಲದಿದ್ದರೆ ಕಿವಿ ಹಪ್ಪಳದಂತೆ ಅಂಟಿಕೊಂಡಿರುತ್ತೆ. ಓಡಾಡಿದ ಫೋಟೊದ ಕಿವಿಗೆ ಮೇಲ್ತುದಿಯೇ ಇರಲಿಲ್ಲ. ಜುಮುಕಿಯ ಮಾಟಿ ಮೇಲಕ್ಕೆ ಹೋಗಿ ಗಾಳಿಯಲ್ಲಿ ನಿಂತಿತ್ತು. ಮಾಟಿಯನ್ನು ಸಿಕ್ಕಿಸುವುದು ಕೂದಲಿಗೆ. ಕೂದಲಿಲ್ಲದ ತಲೆಯಲ್ಲಿ ಅದು ಯಾವುದಕ್ಕೆ ಸಿಕ್ಕಿಕೊಂಡಿತ್ತು? ಇದನ್ನು ಮೊದಲು ಹಿಡಿದದ್ದು ನಾವೂ ಅಲ್ಲ, ಅಣ್ಣನೂ ಅಲ್ಲ, ಅವರಿಗೆ ಚಹಾ ತಂದುಕೊಟ್ಟ ಅತ್ತಿಗೆ.

ಕೊನೆಗೆ ಗೋಡೆ. ದೀಪ ಎಡಕ್ಕಿದ್ದರಿಂದ ಹುಡುಗಿಯ ನೆರಳು ಬಲಗಡೆಯ ಗೋಡೆಯ ಮೇಲೆ ಬಿದ್ದಿತ್ತು. ಅವತ್ತು ಅವಳು ತುರುಬು ಕಟ್ಟಿ ಸುತ್ತ ಮಲ್ಲಿಗೆ ದಂಡೆ ಮುಡಿದಿದ್ದಳು. ಕಳ್ಳ ತಲೆಯಿಂದ ತುರುಬು ತೆಗೆದಿದ್ದ, ಗೋಡೆಯಿಂದ ತೆಗೆದಿರಲಿಲ್ಲ. ಬೋಳು ತಲೆಯ ಹುಡುಗಿಯ ಹಿಂದೆ ಗೋಡೆಯ ಮೇಲೆ ತುರುಬಿನ ನೆರಳು, ದಂಡೆಯ ಏರುತಗ್ಗಿನ ಸಮೇತ ಗುಂಡಗೆ ಕೂತಿತ್ತು. ಇದನ್ನು ಅಣ್ಣ ಬೆರಳಿಟ್ಟು ತೋರಿಸಿದಾಗ ನಮಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಪತ್ರಿಕೋದ್ಯಮ ಓದಿದ ನಾವೂ ಆ ಫೋಟೊವನ್ನು ಹತ್ತಾರು ಸಲ ನೋಡಿದ್ದೆವು.

ನಮ್ಮ ಜಗಳ ಫೋಟೊ ಮಾಡಿದವನ ಜೊತೆ ಮಾತ್ರ ಅಲ್ಲ. ಅವನು ಕಳ್ಳ, ಅವನ ದಾರಿ ಪೊಲೀಸರಿಗೆ ಬಿಟ್ಟದ್ದು. ಇಂಥ ಕೆಲಸಕ್ಕೆ "ಗಿರಾಕಿ ಕೇಳಿದ, ಮಾಡಿಕೊಟ್ಟೆ" ಅನ್ನುವ ಸ್ಟುಡಿಯೊದವರ ಜೊತೆಯೂ ಜಗಳ ಇದೆ. ಈ ಬರಹಕ್ಕಾಗಿ ತಿರುಗಾಡುವಾಗ ನಾವು ಒಂದು ಅಂಗಡಿಯಲ್ಲಿ, ಹುಡುಗಿಯೊಬ್ಬಳ ಫೋಟೊ ಇದೆ, ಬೋಳು ಮಾಡಿಕೊಡ್ತೀರಾ ಅಂತ ಕೇಳಿದೆವು. ಮುನ್ನೂರು ರೂಪಾಯಿ, ಸಂಜೆ ಬನ್ನಿ ಅಂದರು. ಯಾರ ಫೋಟೊ, ಯಾತಕ್ಕೆ, ಅವರಿಗೆ ಗೊತ್ತಾ ಅನ್ನುವ ಮೂರು ಪ್ರಶ್ನೆಗಳಲ್ಲಿ ಒಂದೂ ಬರಲಿಲ್ಲ. ಸಿಮ್ ಕೊಡುವವನು ಆಧಾರ್ ಕೇಳುತ್ತಾನೆ. ಹೆಣ್ಣುಮಗಳ ತಲೆ ಬೋಳಿಸುವವನು ಹೆಸರೂ ಕೇಳುವುದಿಲ್ಲ. ನಮ್ಮ ಕಡೆ ಹೆಂಗಸಿನ ತಲೆ ಬೋಳಿಸುವುದು ಬರೀ ಕೂದಲಿನ ವಿಷಯ ಆಗಿರಲಿಲ್ಲ. ಹರಕೆಗೆ ಕೊಟ್ಟರೆ ಭಕ್ತಿ, ಗಂಡ ಸತ್ತವಳಿಗೆ ಬಲವಂತದಿಂದ ಮಾಡಿದರೆ ಶಿಕ್ಷೆ. ನಮ್ಮ ಅಜ್ಜಿಯರ ಕಾಲದವರು ಕೆಲವು ಮನೆಗಳಲ್ಲಿ ಅದನ್ನು ಕಣ್ಣಾರೆ ಕಂಡಿದ್ದಾರೆ. ಫೋಟೊದಲ್ಲಿ ಮಾಡಿದರೆ ನೋವಾಗುವುದಿಲ್ಲ ಅನ್ನುವವರು ಆ ತಾಯಿಯ ಮುಂದೆ ಬಂದು ಹೇಳಲಿ.

ಗುಂಪಿನಲ್ಲಿ ಇನ್ನೊಂದು ಮಾತು ಬಂತು: "ಸುಳ್ಳೇ ಇರಲಿ ಬಿಡ್ರಪ್ಪ, ಒಳ್ಳೆ ಮನಸಿಂದ ಕೊಟ್ಟಿದ್ದೀವಿ, ಪುಣ್ಯ ನಮಗೆ." ಕೊಟ್ಟ ಐವತ್ತು ರೂಪಾಯಿಯ ಲೆಕ್ಕ ನೀವು ದೇವರ ಹತ್ತಿರ ಮಾಡಿಕೊಳ್ಳಿ. ಆದರೆ ದುಡ್ಡಿನ ಜೊತೆ ಫೋಟೊವನ್ನೂ ಮುಂದಕ್ಕೆ ಕಳಿಸಿದಿರಲ್ಲ, ಅದರ ಲೆಕ್ಕ ಆ ಹುಡುಗಿಯ ಮನೆಯಲ್ಲಿ ಇದೆ.

ಮಾಮೂಲಿ ಫೋಟೊ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಹಿಂಡಿ ಚಿಕ್ಕದು ಮಾಡುತ್ತೆ. ಚರ್ಮದ ರಂಧ್ರ, ಅಂಚಿನ ಕಲೆ ಎಲ್ಲ ಅಳಿಸಿ ಹೋಗುತ್ತೆ, ಸುಳ್ಳಿಗೆ ಇದೇ ಅನುಕೂಲ. ಚರ್ಮದ ನುಣುಪನ್ನು ಮಾತ್ರ ನೋಡಿ ತೀರ್ಮಾನಿಸಬೇಡಿ, ಯಾಕೆಂದರೆ ನಿಜವಾದ ಫೋಟೊವೂ ಹಿಂಡಿದಾಗ ನುಣುಪಾಗುತ್ತೆ. ತಲೆಯ ಅಳತೆ, ಹೊಳಪಿನ ದಿಕ್ಕು, ಗೋಡೆಯ ನೆರಳು ಇವು ಹಿಂಡಿದರೂ ಹೋಗುವುದಿಲ್ಲ. ದುಡ್ಡು ಕೇಳಿದವರಿಗೆ ಮೂಲ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನಿ, ಹಾಗೆ ಕಳಿಸಿದರೆ ಅದು ಹಿಂಡುವುದಿಲ್ಲ. ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ, ಫೇಸ್‌ಬುಕ್ಕಿನಿಂದಲೋ ಬೇರೆಲ್ಲಿಂದಲೋ ಎತ್ತಿದ್ದಾದರೆ ಕೂದಲಿರುವ ಫೋಟೊ ಸಿಕ್ಕರೂ ಸಿಗಬಹುದು. ಸಿಗದಿದ್ದರೆ ಅದು ನಿಜ ಅಂತ ಅರ್ಥವಲ್ಲ. ಎಲ್ಲಕ್ಕಿಂತ ಸುಲಭ, ಯಾವ ಆಸ್ಪತ್ರೆ, ಯಾವ ವಾರ್ಡು ಅಂತ ಕೇಳಿ ಫೋನ್ ಮಾಡುವುದು. ನಮ್ಮ ಹೋಬಳಿಯಲ್ಲಿ ಅದನ್ನು ಮಾಡಿದವರು ಯಾರೂ ಇರಲಿಲ್ಲ.

ದುಡ್ಡು ಹಾಕಿ ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, cybercrime.gov.in ನಲ್ಲೂ ದೂರು ಕೊಡಬಹುದು. ಬೇಗ ಹೇಳಿದರೆ ದುಡ್ಡು ಕೈದಾಟುವ ಮುಂಚೆ ತಡೆಯಲು ಅವಕಾಶ ಇರುತ್ತೆ. ಫೋನು, ಕಂಪ್ಯೂಟರ್ ಬಳಸಿ ಬೇರೆಯವರ ಸೋಗು ಹಾಕಿ ಮೋಸ ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಸೆಕ್ಷನ್ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಹುಡುಗಿಯ ಮನೆಯವರು ದೂರು ಕೊಟ್ಟಿದ್ದಾರೆ. ಫೋಟೊ ಹಂಚಿದ ಗುಂಪುಗಳ ಅಡ್ಮಿನ್‌ಗಳಲ್ಲಿ ಇಬ್ಬರು ಮಾತ್ರ ಕ್ಷಮೆ ಕೇಳಿದರು.

ಈ ಬರಹದ ಒಂದು ಸಾಲನ್ನೂ ನಾವು ಇನ್ನೂ ಹೊರಗೆ ಬಿಟ್ಟಿರಲಿಲ್ಲ, ಮೊನ್ನೆ ರಾತ್ರಿ ಅದೇ ಫೋಟೊ ಪಕ್ಕದ ತಾಲ್ಲೂಕಿನ ಗುಂಪೊಂದರಲ್ಲಿ ಮತ್ತೆ ಬಂತು. ಹುಡುಗಿಯ ಹೆಸರು ಬೇರೆ, ಊರು ಬೇರೆ, ಫೋನ್‌ಪೇ ನಂಬರು ಬೇರೆ. ಈ ಸಲ ಬಲಗಡೆಯ ಗೋಡೆ ಇರಲಿಲ್ಲ, ಕಿವಿಯ ಪಕ್ಕಕ್ಕೆ ಸರಿಯಾಗಿ ಕತ್ತರಿಸಿದ್ದರು. ಕಳ್ಳನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಾವು ಪರದೆಯ ಮೇಲೆ ಕಾಗದದ ಚೂರು ಇಟ್ಟೆವು. ತಲೆ ಇನ್ನೂ ಅಷ್ಟೇ ಉದ್ದ ಇತ್ತು, ಮಾಟಿ ಇನ್ನೂ ಗಾಳಿಯಲ್ಲೇ ನಿಂತಿತ್ತು.